ಮಂಗಳಾರತಿಗೆ ಎರಡನೇ ಟೇಕ್ ಇಲ್ಲ

ಬೆಳಗಿನ ಮಂಗಳಾರತಿ ಎರಡು ಮೂರು ನಿಮಿಷದಲ್ಲಿ ಮುಗಿದುಹೋಗುತ್ತದೆ. ಇನ್ನೊಮ್ಮೆ ಬೆಳಗಿ ಎಂದು ಅರ್ಚಕರನ್ನು ಕೇಳುವಂತಿಲ್ಲ. ಕೈಯಲ್ಲಿರುವುದು ಒಂದೇ ಫೋನ್. ಹಾಗಾಗಿ ಆ ಹೊತ್ತಿನಲ್ಲಿ ಮಾತ್ರ ಸಿಗುವುದು ಯಾವುದು, ಹಿಂದೆಮುಂದೆ ತೆಗೆಯಬಹುದಾದದ್ದು ಯಾವುದು ಎಂದು ಬೇರ್ಪಡಿಸುವುದೇ ಶಾಟ್‌ ಪಟ್ಟಿಯ ಕೆಲಸ.

ಮೊದಲು ಅನುಮತಿ. ಮುಜರಾಯಿ ದೇವಸ್ಥಾನಗಳ ಒಳಗೆ ಮೊಬೈಲ್ ಬಳಸಬಾರದೆಂದು 2023ರ ಜುಲೈನಲ್ಲಿ ಸರ್ಕಾರ ಆದೇಶಿಸಿತು. ಊರವರೇ ನಡೆಸುವ ಗುಡಿಯಾದರೂ ಅರ್ಚಕರನ್ನೂ ಸಮಿತಿಯವರನ್ನೂ ಕೇಳಿಯೇ ಫೋನ್ ತೆಗೆಯಬೇಕು.

ಅನುಮತಿ ಸಿಕ್ಕ ಒಂದು ಸಣ್ಣ ಈಶ್ವರ ಗುಡಿಗೆ ಪಟ್ಟಿ ಹೀಗಿರಬಹುದು:

1. ಹೊರನೋಟ. ಸೂರ್ಯ ಹುಟ್ಟುವ ಮುಂಚಿನ ನೀಲಿ ಬೆಳಕು, ಬಾಗಿಲಲ್ಲಿ ಒಂದೇ ದೀಪ. ಹತ್ತು ಸೆಕೆಂಡು, ಫೋನ್ ಅಲುಗದೆ.
2. ಸಿದ್ಧತೆ. ಆರತಿ ತಟ್ಟೆ ಒರೆಸುವ, ಕರ್ಪೂರ ಇಡುವ ಕೈಗಳು ಮಾತ್ರ, ಹತ್ತಿರದಿಂದ.
3. ಮಂಗಳಾರತಿ. ನವರಂಗದಲ್ಲಿ ನಂದಿಯ ಪಕ್ಕದಿಂದ, ಗರ್ಭಗುಡಿಯ ಬಾಗಿಲು ಚೌಕಟ್ಟಾಗುವಂತೆ. ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ.
4. ತಟ್ಟೆ ಹೊರಗೆ ಬಂದಾಗ. ಜ್ವಾಲೆಯ ಮೇಲೆ ಚಾಚಿದ ಅಂಗೈಗಳು, ಕಣ್ಣಿಗೊತ್ತಿಕೊಳ್ಳುವ ಮುಖಗಳು. ಮುಖ ಕಾಣುವವರನ್ನು ಮೊದಲೇ ಕೇಳಿರಬೇಕು.
5. ಗಂಟೆ. ಚೌಕಟ್ಟಿನಲ್ಲಿ ಗಂಟೆ ಮತ್ತು ಹಗ್ಗ ಮಾತ್ರ. ಇದನ್ನು ಇನ್ನೊಂದು ದಿನ ತೆಗೆದರೂ ನಡೆಯುತ್ತದೆ.

ಮೂರನೆಯದೇ ವಿಡಿಯೊದ ಬೆನ್ನೆಲುಬು, ಕೆಡುವುದೂ ಅದೇ. ಗರ್ಭಗುಡಿ ಕತ್ತಲೆಯಾದ್ದರಿಂದ ಫೋನ್ ತಾನಾಗಿಯೇ ಚಿತ್ರವನ್ನು ಬೆಳಗಿಸಲು ನೋಡುತ್ತದೆ. ಆಗ ಜ್ವಾಲೆ ತನ್ನ ಬಣ್ಣ ಕಳೆದುಕೊಂಡು ಬಿಳಿ ಮುದ್ದೆಯಾಗುತ್ತದೆ. ತಟ್ಟೆ ಆಡಿದಂತೆಲ್ಲ ಇಡೀ ದೃಶ್ಯ ಹೊಳೆದು ಮಂಕಾಗುತ್ತದೆ. ಉರಿಯುವ ನಂದಾದೀಪದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಹೆಚ್ಚಿನ ಫೋನ್‌ಗಳಲ್ಲಿ ಬೆಳಕು, ಫೋಕಸ್ ಎರಡೂ ಲಾಕ್ ಆಗುತ್ತವೆ. ಅಲ್ಲಿ ಕಾಣುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆದು, ಜ್ವಾಲೆಗೆ ಹಳದಿ ಬರುವವರೆಗೆ ಬೆಳಕು ತಗ್ಗಿಸಿ. ಸುತ್ತಲೂ ಕತ್ತಲೆ ಉಳಿದರೆ ಉಳಿಯಲಿ. ಜೂಮ್ ಬೇಡ, ಮಂದ ಬೆಳಕಿನಲ್ಲಿ ಚಿತ್ರ ಕಾಳುಕಾಳಾಗುತ್ತದೆ. ಮುಖ್ಯ ಲೆನ್ಸ್‌ನಲ್ಲೇ ಇದ್ದು, ಬೇಕಿದ್ದರೆ ಎರಡು ಹೆಜ್ಜೆ ಮುಂದೆ ನಿಲ್ಲಿ.

ಶಬ್ದದ ತೊಂದರೆ ಬೇರೆ. ಜಾಗಟೆಯ ಪಕ್ಕದಲ್ಲೇ ನಿಂತರೆ ಫೋನಿನ ಮೈಕ್ ತಡೆಯದೆ ದನಿ ಒಡೆಯುತ್ತದೆ. ಹಿಂದಿನ ದಿನದ ಪೂಜೆಯಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ ಇಯರ್‌ಫೋನಿನಲ್ಲಿ ಕೇಳಿ. ಗರಗರ ಎಂದರೆ ಜಾಗ ಬದಲಿಸಿ. ಮರುದಿನ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ನಡುವೆ ಕರೆ ಬಂದರೆ ಆರತಿಯೇ ತಪ್ಪಿಹೋದೀತು.

ಜೋಡಿಸುವಾಗ ಮೂರನೇ ಶಾಟ್‌ನ ಶಬ್ದವನ್ನು ಕತ್ತರಿಸದೆ ಇಟ್ಟು, ಅದರ ಮೇಲೆ ಗಂಟೆಯ ಚಿತ್ರವನ್ನು ಎರಡು ಮೂರು ಸೆಕೆಂಡು ಕೂರಿಸಿ. ನೋಡುವವರಿಗೆ ಎರಡು ಕ್ಯಾಮೆರಾ ಇದ್ದಂತೆ ಕಾಣುತ್ತದೆ.

ಪಟ್ಟಿಯನ್ನು ಹಿಂದಿನ ಸಂಜೆಯೇ ಅರ್ಚಕರಿಗೆ ಓದಿ ಹೇಳಿ. ಎಲ್ಲಿ ನಿಂತರೆ ಪೂಜೆಗೂ ಭಕ್ತರ ದರ್ಶನಕ್ಕೂ ಅಡ್ಡಿಯಾಗದು ಎಂಬುದು ಅವರಿಗೇ ಚೆನ್ನಾಗಿ ಗೊತ್ತು.