ಬೇಳೆ ದುಬಾರಿಯಾದರೆ ಭಟ್ಟರು ಏನು ಮಾಡಬೇಕು?

ಬೆಂಗಳೂರಿನಲ್ಲಿ ಎಂಟು ಶಾಖೆಗಳಿರುವ ಒಂದು ದರ್ಶಿನಿ ಹೋಟೆಲನ್ನು ಊಹಿಸಿಕೊಳ್ಳಿ. ಎಲ್ಲ ಶಾಖೆಗಳಿಗೂ ಇಡ್ಲಿ-ದೋಸೆ ಹಿಟ್ಟು ಹೋಗುವುದು ಒಂದೇ ದೊಡ್ಡ ಅಡುಗೆಮನೆಯಿಂದ. ತಿಂಗಳಿಗೆ 10,000 ಕೆಜಿ ಹಿಟ್ಟು, ಅದಕ್ಕೆ 6 ಲಕ್ಷ ರೂಪಾಯಿ ಖರ್ಚು ಎಂದು ವರ್ಷದ ಮೊದಲಿಗೇ ಬಜೆಟ್ ಹಾಕಿದ್ದಾರೆ. ತಿಂಗಳು ಮುಗಿದಾಗ ನೋಡಿದರೆ ಖರ್ಚು 7,04,000. "ಏನ್ ಭಟ್ರೇ, ಒಂದು ಲಕ್ಷ ಮೇಲೆ ಹೋಗಿದೆಯಲ್ಲ?" ಎಂದು ಮಾಲೀಕರು ಕೇಳಿಯೇ ಕೇಳುತ್ತಾರೆ.

ಪ್ರಶ್ನೆ ಸಹಜ. ಆದರೆ ಅದನ್ನು ಕೇಳಬೇಕಾದದ್ದು ಭಟ್ಟರನ್ನೇ? ಜವಾಬ್ದಾರಿ ಲೆಕ್ಕಪದ್ಧತಿ ಹುಟ್ಟಿದ್ದು ಇದನ್ನು ಬಿಡಿಸುವುದಕ್ಕೆ. ಯಾವ ಖರ್ಚನ್ನು ಹೆಚ್ಚು-ಕಡಿಮೆ ಮಾಡುವ ಅಧಿಕಾರ ಯಾರ ಕೈಯಲ್ಲಿದೆಯೋ ಅದನ್ನು ಅವರ ಹೆಸರಿನಲ್ಲೇ ಬರೆಯಬೇಕು. ಅಧಿಕಾರವಿಲ್ಲದವರ ತಲೆಗೆ ಕಟ್ಟಬಾರದು.

ಭಟ್ಟರ ಲೆಕ್ಕವನ್ನೇ ಬಿಡಿಸೋಣ. ಮೇಲ್ವಿಚಾರಕರ ಸಂಬಳದಂಥ ಸ್ಥಿರ ಖರ್ಚು 2 ಲಕ್ಷ. ಹಿಟ್ಟು ಹೆಚ್ಚಾದಂತೆ ಹೆಚ್ಚುವ ಖರ್ಚು ಕೆಜಿಗೆ 40 ರೂಪಾಯಿ. ಆ ತಿಂಗಳು ಶಾಖೆಗಳು ಕೇಳಿದ್ದು 12,000 ಕೆಜಿ. ಅಷ್ಟು ಹಿಟ್ಟಿಗೆ 4,80,000 ಮತ್ತು ಸ್ಥಿರ ಖರ್ಚು ಸೇರಿ 6,80,000 ಆಗಲೇಬೇಕು. ಹಾಗಾದರೆ ನಿಜವಾಗಿ ಮೀರಿದ್ದು 24,000 ಮಾತ್ರ. ಇನ್ನೂ ಒಳಗೆ ಹೋದರೆ, ಬಳಸಿದ 1,200 ಕೆಜಿ ಉದ್ದಿನ ಬೇಳೆಗೆ ಕೆಜಿಗೆ 25 ರೂಪಾಯಿ ಬೆಲೆ ಏರಿದೆ. ಅದರಿಂದಲೇ 30,000. ಬೇಳೆ ಕೊಳ್ಳುವುದು ಮುಖ್ಯ ಕಚೇರಿಯ ಖರೀದಿ ವಿಭಾಗ, ಭಟ್ಟರಲ್ಲ. ಬೆಲೆಯೇರಿಕೆಯನ್ನು ಆ ವಿಭಾಗದ ಲೆಕ್ಕಕ್ಕೆ ಬರೆದರೆ, ಬೈಗುಳ ತಿನ್ನಬೇಕಿದ್ದ ಭಟ್ಟರು 6,000 ರೂಪಾಯಿ ಉಳಿಸಿದ್ದಾರೆ!

ಈ ಅಡುಗೆಮನೆ ಒಂದು ವೆಚ್ಚ ಕೇಂದ್ರ. ಅದು ಗಿರಾಕಿಗೆ ಏನನ್ನೂ ಮಾರುವುದಿಲ್ಲ, ಹಾಗಾಗಿ ಲಾಭ ಎಷ್ಟು ಎಂದು ಅದನ್ನು ಕೇಳುವಂತಿಲ್ಲ. ಮಾಡಿದ ಕೆಲಸಕ್ಕೆ ತಕ್ಕ ಖರ್ಚೇ ಆಯಿತೇ ಎಂದಷ್ಟೇ ಕೇಳಬಹುದು. ಜೊತೆಗೆ ಹಿಟ್ಟಿನ ಗುಣವನ್ನೂ ನೋಡಬೇಕು. ಬೇಳೆ ಕಡಿಮೆ ಹಾಕಿ ಖರ್ಚು ಇಳಿಸುವುದು ಸುಲಭ. ಇಡ್ಲಿ ಗಟ್ಟಿಯಾದದ್ದು ವೆಚ್ಚದ ಪಟ್ಟಿಯಲ್ಲಿ ಕಾಣುವುದಿಲ್ಲ.

ಶಾಖೆಯ ಮಾತು ಬೇರೆ. ಅಲ್ಲಿನ ಮ್ಯಾನೇಜರ್ ಮಾರಾಟವನ್ನೂ ನೋಡುತ್ತಾರೆ, ಖರ್ಚನ್ನೂ ನೋಡುತ್ತಾರೆ. ಅದು ಲಾಭ ಕೇಂದ್ರ. ಅವರಿಗೆ ಹಿಟ್ಟನ್ನು ಯಾವ ದರಕ್ಕೆ ಕೊಡಬೇಕು ಎಂಬುದು ಇಲ್ಲಿ ಬರುವ ಮೊದಲ ತಕರಾರು. ಆದ ಖರ್ಚಿಗೇ ಕೊಟ್ಟರೆ ಅಡುಗೆಮನೆಯಲ್ಲಿ ಹುಳಿಯಾಗಿ ಚೆಲ್ಲಿದ ಹಿಟ್ಟಿನ ನಷ್ಟವೂ ಶಾಖೆಯ ಮೇಲೆ ಬೀಳುತ್ತದೆ. ಮೊದಲೇ ಗೊತ್ತುಪಡಿಸಿದ ದರಕ್ಕೆ ಕೊಟ್ಟರೆ ಆ ನಷ್ಟ ಅಡುಗೆಮನೆಯಲ್ಲೇ ಉಳಿಯುತ್ತದೆ.

ಎರಡನೆಯ ತಕರಾರು ಬಾಡಿಗೆಯದು. ಒಂದು ಶಾಖೆಯಲ್ಲಿ ಮ್ಯಾನೇಜರ್ ಕೈಯಲ್ಲಿರುವ ಖರ್ಚೆಲ್ಲ ಕಳೆದು 1,50,000 ಉಳಿಯಿತು ಎನ್ನಿ. ಮಾಲೀಕರು ಒಪ್ಪಂದ ಮಾಡಿಕೊಂಡ ಬಾಡಿಗೆ 1,80,000. ಶಾಖೆಗೆ 30,000 ನಷ್ಟ. ಆ ಶಾಖೆಯನ್ನು ಇಟ್ಟುಕೊಳ್ಳಬೇಕೇ ಎಂದು ಯೋಚಿಸುವಾಗ ನಷ್ಟದ ಅಂಕಿ ಬೇಕು. ಮ್ಯಾನೇಜರ್ ಚೆನ್ನಾಗಿ ದುಡಿದರೇ ಎಂದು ತೂಗುವಾಗ ಒಂದೂವರೆ ಲಕ್ಷದ ಅಂಕಿ ಬೇಕು. ಇವೆರಡನ್ನೂ ಒಂದೇ ಸಾಲಿನಲ್ಲಿ ಕಲಸಿಬಿಟ್ಟಲ್ಲೇ ಒಳ್ಳೆಯ ಮ್ಯಾನೇಜರ್‌ಗಳು ಕೆಲಸ ಬಿಟ್ಟು ಹೋಗುವುದು ಎಂದು ನನಗನಿಸುತ್ತದೆ.

ಇನ್ನು ಹೊಸ ಶಾಖೆ ಎಲ್ಲಿ, ಯಂತ್ರ ಯಾವುದು ಎಂದು ನಿರ್ಧರಿಸುವ ವಲಯ ಮುಖ್ಯಸ್ಥರು. ಬಂಡವಾಳವೂ ಅವರ ಕೈಯಲ್ಲಿರುವುದರಿಂದ ಅವರದು ಹೂಡಿಕೆ ಕೇಂದ್ರ. ಲಾಭ ಎಷ್ಟೆಂದರೆ ಸಾಲದು, ಎಷ್ಟು ಹಣಕ್ಕೆ ಎಷ್ಟು ಲಾಭ ಎಂದು ಕೇಳಬೇಕು. ಈ ಶೇಕಡಾ ಲೆಕ್ಕವನ್ನು 1910ರ ದಶಕದಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಡೊನಾಲ್ಡ್‌ಸನ್ ಬ್ರೌನ್ ವ್ಯವಸ್ಥಿತವಾಗಿ ರೂಪಿಸಿದರು. ಮುಂದೆ ಅದನ್ನು ಜನರಲ್ ಮೋಟಾರ್ಸ್‌ಗೂ ಒಯ್ದರು.

ಆದರೆ ಶೇಕಡಾದಲ್ಲಿ ಒಂದು ಹಳ್ಳವಿದೆ. ನಮ್ಮ ಮುಖ್ಯಸ್ಥರು 2 ಕೋಟಿ ಹೂಡಿ ವರ್ಷಕ್ಕೆ 50 ಲಕ್ಷ ಗಳಿಸುತ್ತಿದ್ದಾರೆ, ಅಂದರೆ ಶೇ. 25. ಹೊಸ ಶಾಖೆಗೆ 40 ಲಕ್ಷ ಹಾಕಿದರೆ 7.2 ಲಕ್ಷ ಬರುತ್ತದೆ, ಶೇ. 18. ಕಂಪನಿಗೆ ಹಣ ತರಲು ತಗಲುವುದು ಶೇ. 12. ಕಂಪನಿಗೆ ಲಾಭವೇ. ಆದರೂ ಮುಖ್ಯಸ್ಥರು ಬೇಡ ಎನ್ನುತ್ತಾರೆ, ಏಕೆಂದರೆ ಅವರ ಸರಾಸರಿ ಶೇ. 23.8ಕ್ಕೆ ಇಳಿಯುತ್ತದೆ, ಬೋನಸ್ ಆ ಸರಾಸರಿಗೇ ಗಂಟು ಬಿದ್ದಿದೆ.

ಇದಕ್ಕೆ ಮದ್ದು, ಹೂಡಿದ ಹಣದ ಶೇ. 12ನ್ನು ಲಾಭದಿಂದ ಕಳೆದು ಉಳಿದದ್ದನ್ನು ರೂಪಾಯಿಯಲ್ಲಿ ನೋಡುವುದು. ಈಗ ಉಳಿಯುವುದು 26 ಲಕ್ಷ; ಹೊಸ ಶಾಖೆ ತೆರೆದರೆ 28.4 ಲಕ್ಷ. ಬೇಡ ಎನ್ನಲು ಕಾರಣ ಉಳಿಯಲಿಲ್ಲ.

ಈ ಮದ್ದಿಗೂ ಬಗ್ಗದ್ದು ಹಳೆಯ ಗ್ರೈಂಡರ್. ಸವಕಳಿ ಕಳೆದು ಪುಸ್ತಕದಲ್ಲಿ ಅದರ ಬೆಲೆ ವರ್ಷ ವರ್ಷ ಇಳಿಯುತ್ತದೆ, ಹೂಡಿಕೆ ಚಿಕ್ಕದಾಗಿ ಕಾಣುತ್ತದೆ, ಮುಖ್ಯಸ್ಥರ ಅಂಕಿ ಏರುತ್ತದೆ. ಲಾಭ ನಿಂತಲ್ಲೇ ನಿಂತು ಶೇಕಡಾ ಮಾತ್ರ ಏರುತ್ತಿದ್ದರೆ, ಯಂತ್ರಗಳನ್ನು ಕೊಂಡ ಬೆಲೆಯಲ್ಲೇ ಹಿಡಿದು ಇನ್ನೊಮ್ಮೆ ಲೆಕ್ಕ ಹಾಕಿ ನೋಡಬೇಕು.