ಕಾಫಿ ಪುಡಿಯ ಕಲಬೆರಕೆ: ಅಡಿಗೆ ಮನೆಯಲ್ಲೇ ಪರೀಕ್ಷಿಸಿ

ತೋಟವಿರುವ ರೈತರೂ ಅಂಗಡಿಯಿಂದ ಕಾಫಿ ಪುಡಿ ತರುವುದುಂಟು. ಆ ಪುಡಿಯಲ್ಲಿ ಹುರಿದ ಧಾನ್ಯದ ಹಿಟ್ಟೋ ಕಾಫಿ ಹಣ್ಣಿನ ಸಿಪ್ಪೆಯ ಹೊಟ್ಟೋ ಬೆರೆತಿದೆಯೆಂಬ ಸಂಶಯ ಬಂದರೆ, ಮೊದಲು ಒಂದು ಹಿಡಿ ಶುದ್ಧ ಕಾಫಿ ಬೀಜವನ್ನು ಮನೆಯಲ್ಲೇ ಹುರಿದು ಪುಡಿ ಮಾಡಿಕೊಳ್ಳಿ. ಮುಂದಿನ ಪರೀಕ್ಷೆಗಳನ್ನೆಲ್ಲ ಎರಡೂ ಪುಡಿಗಳ ಮೇಲೆ ಮಾಡಿ ಹೋಲಿಸಬೇಕು.

ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ, ಮೇಲೆ ಅರ್ಧ ಚಮಚ ಪುಡಿ ಉದುರಿಸಿ. ಕದಡಬೇಡಿ. ಕಾಫಿ ಪುಡಿಯಲ್ಲಿ ಎಣ್ಣೆಯ ಅಂಶವಿರುವುದರಿಂದ ಅದು ಬೇಗ ನೆನೆಯದೆ ತೇಲುತ್ತದೆ. ಚಿಕೋರಿ ಬೇಗ ನೀರು ಹೀರಿ, ಕಂದು ಗೆರೆಗಳನ್ನು ಬಿಡುತ್ತಾ ಮುಳುಗುತ್ತದೆ. ಮೊದಲ ಒಂದೆರಡು ನಿಮಿಷದಲ್ಲೇ ನೋಡಿ. ಹೆಚ್ಚು ಹೊತ್ತು ನೆನೆದರೆ ಕಾಫಿಯೂ ಮುಳುಗುತ್ತದೆ. ಆದರೆ ಚಿಕೋರಿ ಕಂಡ ಮಾತ್ರಕ್ಕೆ ಮೋಸವೆನ್ನುವಂತಿಲ್ಲ. ಪೊಟ್ಟಣದ ಮೇಲೆ ಅದರ ಪ್ರಮಾಣ ನಮೂದಿಸಿ, ಶೇಕಡ 49ರವರೆಗೆ ಬೆರೆಸಲು ಕಾನೂನಿನ ಒಪ್ಪಿಗೆಯಿದೆ. 'ಶುದ್ಧ ಕಾಫಿ' ಎಂದು ಮಾರಿದ ಪುಡಿಯಲ್ಲಿ ಅದು ಇರಕೂಡದು.

ಹಿಟ್ಟಿನ ಪರೀಕ್ಷೆಗೆ ಟಿಂಚರ್ ಅಯೋಡಿನ್ ಬೇಕು. ಕಾಫಿ ಬೀಜದಲ್ಲಿ ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ರಾಗಿ, ಜೋಳಗಳಲ್ಲಿ ಹೇರಳ. ಒಂದು ಚಮಚ ಪುಡಿಯನ್ನು ಒಂದು ಲೋಟ ನೀರಿನಲ್ಲಿ ಐದು ನಿಮಿಷ ಕುದಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಬಿಸಿಯಲ್ಲಿ ನೀಲಿ ಬಣ್ಣ ನಿಲ್ಲುವುದಿಲ್ಲ. ಮೇಲಿನ ತಿಳಿಯನ್ನು ಒಂದು ಚಮಚ ತೆಗೆದು ಅರ್ಧ ಲೋಟ ನೀರಿಗೆ ಸೇರಿಸಿ. ಗಟ್ಟಿ ಡಿಕಾಕ್ಷನ್ನಿನ ಕಪ್ಪಿನಲ್ಲಿ ನೀಲಿ ಕಾಣಿಸದು. ಅಯೋಡಿನ್ನನ್ನು ಹನಿ ಹನಿಯಾಗಿ ಐದಾರು ಹನಿ ಹಾಕಿ. ಕಾಫಿಯ ಅಂಶಗಳು ಮೊದಲ ಹನಿಗಳನ್ನು ನುಂಗಿಬಿಡುವುದರಿಂದ ಒಂದೇ ಹನಿಗೆ ನಿಲ್ಲಿಸಬೇಡಿ. ಮನೆಯ ಪುಡಿ ಹಳದಿ ಕಂದಾಗಿಯೇ ಉಳಿದು, ಅಂಗಡಿಯದು ನೀಲಿಗೆ ಅಥವಾ ನೀಲಿಗಪ್ಪಿಗೆ ತಿರುಗಿದರೆ ಪಿಷ್ಟ ಬೆರೆತಿದೆ. ಅಯೋಡಿನ್ ಸರಿಯಿದೆಯೇ ಎಂದು ತಿಳಿಯಲು ತಣ್ಣನೆಯ ಅನ್ನದ ಗಂಜಿಗೆ ಒಂದು ಹನಿ ಹಾಕಿ ನೋಡಿ, ಅದು ನೀಲಿಯಾಗಲೇಬೇಕು. ಪರೀಕ್ಷಿಸಿದ ನೀರನ್ನು ಚೆಲ್ಲಿಬಿಡಿ.

ಹೊಟ್ಟನ್ನು ಅಯೋಡಿನ್ ತೋರಿಸಲಾರದು. ಎರಡೂ ಪುಡಿಗಳನ್ನು ಬಿಳಿ ಕಾಗದದ ಮೇಲೆ ತೆಳುವಾಗಿ ಹರಡಿ ಭೂತಗನ್ನಡಿಯಿಂದ ನೋಡಿ. ಅಂಗಡಿಯ ಪುಡಿಯಲ್ಲಿ ಮಾತ್ರ ನಾರಿನಂಥ, ಬೆರಳಿಗೆ ಒರಟಾದ ಚೂರುಗಳಿದ್ದರೆ ಹೊಟ್ಟಿನ ಸಂಶಯ ಬಲವಾಗುತ್ತದೆ. ಎರಡರಲ್ಲೂ ಕಾಣುವ ತೆಳ್ಳನೆಯ ಮಾಸಲು ಹುಡಿ, ಬೀಜದ ಸೀಳಿನಲ್ಲಿ ಉಳಿದ ಪೊರೆ, ಅದು ಕಲಬೆರಕೆಯಲ್ಲ. ಹೊಟ್ಟನ್ನು ನುಣ್ಣಗೆ ಬೀಸಿದ್ದರೆ ಪ್ರಯೋಗಾಲಯವೇ ಹೇಳಬೇಕು.

ಮನೆಯ ಪರೀಕ್ಷೆ ಸಂಶಯವನ್ನು ಗಟ್ಟಿ ಮಾಡೀತೇ ಹೊರತು ಸಾಕ್ಷ್ಯವಾಗದು. 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ನೀವೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪುಡಿಯನ್ನು ಪರೀಕ್ಷೆ ಮಾಡಿಸಬಹುದು. ಆದರೆ ಕೊಳ್ಳುವಾಗಲೇ ಅಂಗಡಿಯವರಿಗೆ ಆ ವಿಷಯ ತಿಳಿಸಿರಬೇಕು. ಆದ್ದರಿಂದ ಹಳೆಯ ಪೊಟ್ಟಣ ಹಿಡಿದು ಹೋಗದೆ, ಹೀಗೆ ತಿಳಿಸಿ ಹೊಸದೊಂದನ್ನು ಕೊಳ್ಳಿ. ಪುಡಿ ಕಾಯಿದೆಗೆ ವಿರುದ್ಧವಾಗಿದೆಯೆಂದು ವರದಿ ಬಂದರೆ ಕಟ್ಟಿದ ಶುಲ್ಕ ನಿಮಗೆ ಹಿಂದಿರುಗುತ್ತದೆ.