ಮೂಳೆ ಕೂಡುವವರೆಗೆ ಮನಸ್ಸಿನ ಪಾಡು

ಮೊಣಕಾಲಿನ ಕೆಳಗಿರುವ ದೊಡ್ಡ ಮೂಳೆ ಮುರಿದರೆ ಕೂಡಲು ಸಾಮಾನ್ಯವಾಗಿ 4ರಿಂದ 6 ತಿಂಗಳು ಬೇಕು. ಬೈಕ್ ಅಪಘಾತಗಳಲ್ಲಿ ಮೇಲಿಂದ ಮೇಲೆ ಮುರಿಯುವ ಮೂಳೆ ಇದು. ಇದರ ಮುಂಭಾಗಕ್ಕೆ ಮಾಂಸದ ಹೊದಿಕೆಯಿಲ್ಲ, ಚರ್ಮದ ಕೆಳಗೇ ಕೈಗೆ ಸಿಗುತ್ತದೆ. ಸುತ್ತ ಮಾಂಸ ಕಡಿಮೆ ಇರುವುದರಿಂದ ರಕ್ತದ ಪೂರೈಕೆಯೂ ಕಡಿಮೆ. ಹಾಗಾಗಿಯೇ ಕೈಮೂಳೆಗಿಂತ ನಿಧಾನವಾಗಿ ಕೂಡುತ್ತದೆ. ಆಪರೇಷನ್ ಮಾಡಿ ಒಳಗೆ ರಾಡ್ ಹಾಕುವುದು ಮುರಿದ ತುಂಡುಗಳನ್ನು ನೇರವಾಗಿ ಹಿಡಿದಿಡಲು. ಬೆಸೆಯುವ ಕೆಲಸ ದೇಹದ್ದೇ, ಅದಕ್ಕೆ ಬೇಕಾದಷ್ಟು ಕಾಲವನ್ನು ಅದು ತೆಗೆದುಕೊಳ್ಳುತ್ತದೆ.

ಈ ಅವಧಿಯಲ್ಲಿ ಮನಸ್ಸು ಕುಗ್ಗುವುದರ ಮೂಲ ಹಲವರಲ್ಲಿ ಒಂದು ತಪ್ಪು ಲೆಕ್ಕದಲ್ಲಿದೆ. ‘ಆಪರೇಷನ್ ಚೆನ್ನಾಗಿ ಆಗಿದೆ’ ಎಂದು ವೈದ್ಯರು ಹೇಳಿದ್ದನ್ನು ರೋಗಿ ‘ಕಾಲು ಸರಿಯಾಯಿತು’ ಎಂದು ಕೇಳಿಸಿಕೊಂಡಿರುತ್ತಾನೆ. ಮೊದಲ ಎರಡು ವಾರ ನೋವಿದ್ದರೂ ಧೈರ್ಯ ಇರುತ್ತದೆ. ನೆಂಟರು ಹಣ್ಣು, ಎಳನೀರು ಹಿಡಿದು ಬರುತ್ತಾರೆ, ಪ್ರಾಣ ಉಳಿಯಿತಲ್ಲ ಎಂಬ ಸಮಾಧಾನವೂ ಜೊತೆಗಿರುತ್ತದೆ. ಆರನೆಯ ವಾರದ ಹೊತ್ತಿಗೆ ಬರುವವರು ನಿಂತಿರುತ್ತಾರೆ, ಮನೆಯವರು ತಮ್ಮ ಕೆಲಸಕ್ಕೆ ಮರಳಿರುತ್ತಾರೆ, ಗಾಯ ಮಾಗಿ ಹೊಲಿಗೆಯ ಗುರುತಷ್ಟೇ ಉಳಿದಿರುತ್ತದೆ. ನೋಡುವವರಿಗೆ ಎಲ್ಲ ಮುಗಿದಂತೆ. ರೋಗಿಗೋ ಆಸರೆಯಿಲ್ಲದೆ ಬಚ್ಚಲಿಗೂ ಹೋಗಲಾಗದು. ಎರಡನೆಯ ಮತ್ತು ಮೂರನೆಯ ತಿಂಗಳಲ್ಲಿ ಮನಸ್ಸು ಹೆಚ್ಚು ಕುಸಿಯುವುದು ಇದರಿಂದಲೇ. ಅಪಘಾತದ ದಿನ ಅಳದವರು ಆಗ ಅಳುತ್ತಾರೆ.

ಈ ಕುಸಿತ ಬರೀ ಯೋಚನೆಯಿಂದ ಹುಟ್ಟುವುದಲ್ಲ. ಗಾಯ ಮಾಗಿಸಲು ದೇಹ ಹೊರಡಿಸುವ ಉರಿಯೂತದ ರಾಸಾಯನಿಕಗಳು ಮಿದುಳಿನ ಮೇಲೂ ಕೆಲಸ ಮಾಡುತ್ತವೆ. ಜ್ವರ ಬಂದಾಗ ಯಾರೂ ಬೇಡ, ಏನೂ ಬೇಡ ಎನಿಸುವುದು ಇಂಥದೇ ಕಾರಣಕ್ಕೆ. ರಾತ್ರಿ ನೋವು ನಿದ್ದೆ ಕೆಡಿಸುತ್ತದೆ, ನಿದ್ದೆಗೆಟ್ಟರೆ ಮರುದಿನ ಅದೇ ನೋವು ಇನ್ನೂ ಜೋರಾಗಿ ತಿಳಿಯುತ್ತದೆ. ಟ್ರಮಡಾಲ್‌ನಂಥ ಬಲವಾದ ನೋವಿನ ಮಾತ್ರೆಗಳು ಮಂಪರು, ಮಲಬದ್ಧತೆ ತರುತ್ತವೆ. ಬಹಳ ದಿನ ತೆಗೆದುಕೊಂಡು ಥಟ್ಟನೆ ಬಿಟ್ಟರೆ ಚಡಪಡಿಕೆ, ನಿದ್ದೆಗೇಡು ಕಾಣಿಸಿಕೊಳ್ಳಬಹುದು. ಇದರ ಜೊತೆಗೆ ಬಿಸಿಲಿಲ್ಲ, ನಡಿಗೆಯಿಲ್ಲ, ಸಂಪಾದನೆಯಿಲ್ಲ. ಇಷ್ಟೆಲ್ಲ ಸೇರಿದಾಗ ಮನಸ್ಸು ಕುಗ್ಗುವುದನ್ನು ಮನೋದೌರ್ಬಲ್ಯ ಎನ್ನುವುದು ಅನ್ಯಾಯ.

ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಪರಾವಲಂಬನೆ. ಅದರಲ್ಲೂ ಶೌಚ ಮತ್ತು ಸ್ನಾನ. ಕುಕ್ಕುರುಗಾಲಲ್ಲಿ ಕೂರುವ ಕಕ್ಕಸಿರುವ ಮನೆಯಲ್ಲಿ ಕಾಲು ಮುರಿದವರು ಪ್ರತಿ ಸಲವೂ ಇನ್ನೊಬ್ಬರನ್ನು ಕರೆಯಬೇಕು. ಸೊಸೆಯನ್ನೋ ಮಗನನ್ನೋ ಕರೆಯುವ ಮುಜುಗರಕ್ಕೆ ಎಷ್ಟೋ ಮಂದಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಮಲಬದ್ಧತೆ ಇನ್ನೂ ಹೆಚ್ಚುತ್ತದೆ. ಇಲ್ಲಿ ಸಾಂತ್ವನದ ಮಾತಿಗಿಂತ ಒಂದು ಕಮೋಡ್ ಕುರ್ಚಿ, ಬಚ್ಚಲಲ್ಲಿ ಜಾರದ ಪ್ಲಾಸ್ಟಿಕ್ ಸ್ಟೂಲು, ಗೋಡೆಗೆ ಗಟ್ಟಿಯಾಗಿ ಕೂರಿಸಿದ ಹಿಡಿಕೆ ಹೆಚ್ಚು ಕೆಲಸ ಮಾಡುತ್ತವೆ. ಬಾಗಿಲು ಮುಚ್ಚಿಕೊಂಡು ಒಬ್ಬರೇ ಸ್ನಾನ ಮಾಡಲು ಸಾಧ್ಯವಾದ ದಿನ ರೋಗಿಯ ಮುಖವೇ ಬೇರೆಯಾಗಿರುತ್ತದೆ. ಇದಕ್ಕೆ ಎದುರಾದ ತಪ್ಪೂ ಉಂಟು: ಕೈಗೆಟಕುವ ಲೋಟವನ್ನೂ ಪ್ರೀತಿಯಿಂದ ತಾವೇ ಎತ್ತಿಕೊಡುವುದು. ಆತ ಮಾಡಬಲ್ಲ ಕೆಲಸವನ್ನು ಕಿತ್ತುಕೊಂಡಂತೆ ಅದು.

ಸಿಟ್ಟೂ ಇದರದೇ ಇನ್ನೊಂದು ಮುಖ. ಗುದ್ದಿ ಹೋದವನು ಎದುರಿಗಿಲ್ಲ, ಎದುರಿಗಿರುವುದು ಹೆಂಡತಿ. ಊಟ ತಡವಾಯಿತೆಂದು ರೇಗಿ, ಆಮೇಲೆ ಅದಕ್ಕೇ ಕೊರಗುವುದು ಅನೇಕ ಮನೆಗಳಲ್ಲಿ ನಡೆಯುತ್ತದೆ. ಆರೈಕೆ ಮಾಡುವವರಿಗೆ ದಿನಕ್ಕೆ ಒಂದೆರಡು ಗಂಟೆಯಾದರೂ ಬಿಡುವು ಸಿಗದಿದ್ದರೆ ಅವರೂ ಬಳಲುತ್ತಾರೆ.

ನಿಧಾನಗತಿಯ ಚೇತರಿಕೆ ಎಲ್ಲಿ ಹಳಿ ತಪ್ಪುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ವೈರಿಂಗ್ ಕೆಲಸ ಮಾಡುವ 42 ವರ್ಷದ ಒಬ್ಬ ವ್ಯಕ್ತಿ ಎಂದಿಟ್ಟುಕೊಳ್ಳೋಣ. ಎಡಗಾಲಿಗೆ ರಾಡ್ ಹಾಕಿದ್ದಾರೆ. ಆರನೆಯ ವಾರದ ಎಕ್ಸ್‌ರೇ ನೋಡಿ ವೈದ್ಯರು ‘ಇನ್ನೂ ಸ್ವಲ್ಪ ಟೈಮ್ ಬೇಕು’ ಎನ್ನುತ್ತಾರೆ. ಆ ಹಂತದಲ್ಲಿ ಅದು ತೀರಾ ಸಹಜವಾದ ಮಾತು, ಆದರೆ ಆತನಿಗೆ ಕೇಳಿಸಿದ್ದು ‘ಕೂಡಿಲ್ಲ’ ಎಂದು. ವ್ಯಾಯಾಮ ಬಿಡುತ್ತಾನೆ, ಹಗಲು ಮಲಗುತ್ತಾನೆ, ರಾತ್ರಿಯೆಲ್ಲ ಮೊಬೈಲ್. ಎಂಟನೆಯ ವಾರದ ಒಂದು ದಿನ ನೋವು ಕಡಿಮೆ ಅನಿಸಿ ಹಟದಿಂದ 40 ನಿಮಿಷ ನಡೆಯುತ್ತಾನೆ. ಸಂಜೆಗೆ ಪಾದ ಊದುತ್ತದೆ. ಕಾಲು ಕೆಟ್ಟೇ ಹೋಯಿತೆಂದು ಎರಡು ದಿನ ಹಾಸಿಗೆ ಬಿಡುವುದಿಲ್ಲ. ಚೆನ್ನಾಗಿದ್ದ ದಿನ ಅತಿ, ಮರುದಿನ ಏನೂ ಇಲ್ಲ: ಈ ಏರಿಳಿತದಲ್ಲಿ ಮಾಂಸಖಂಡ ಸೊರಗುತ್ತದೆ, ನಡೆದರೆ ಅಪಾಯ ಎಂಬ ಭಯ ಬೇರೂರುತ್ತದೆ.

ಇದನ್ನು ಮುರಿಯಲು ಫಿಸಿಯೋಥೆರಪಿಸ್ಟ್ ಮಾಡುವುದು ಸರಳ. ವೈದ್ಯರು ಅನುಮತಿಸಿದಷ್ಟೇ ಭಾರ ಹಾಕಿ, ದಿನಕ್ಕೆ ಮೂರು ಸಲ ಐದೈದು ನಿಮಿಷ ನಡಿಗೆ. ನೋವು ಕಡಿಮೆಯಿದ್ದ ದಿನ ಅದಕ್ಕಿಂತ ಹೆಚ್ಚಿಲ್ಲ, ಬೇಸರವಾದ ದಿನ ಕಡಿಮೆಯಿಲ್ಲ. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ನಿಮಿಷ ಏರಿಕೆ. ನಡೆದ ನಿಮಿಷ, ಮೊಣಕಾಲು ಮಡಚಿದ ಅಳತೆ ಒಂದು ನೋಟ್‌ಬುಕ್ಕಿನಲ್ಲಿ. ಮೂಳೆಯೊಳಗಿನ ಬೆಳವಣಿಗೆ ಕಣ್ಣಿಗೆ ಕಾಣದು, ಈ ಅಂಕಿಗಳು ಕಾಣುತ್ತವೆ. ಕಾಲು ಎತ್ತರಿಸಿಟ್ಟಾಗ ಇಳಿಯುವ ಊತ ಈ ಹಂತದಲ್ಲಿ ಸಾಮಾನ್ಯ. ಮೀನಖಂಡ ಊದಿ ಬಿಗಿದು ನೋಯತೊಡಗಿದರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕೂತಲ್ಲೇ ಆಗುವ ಒಂದು ಜವಾಬ್ದಾರಿಯೂ ಬೇಕು. ಈತ ಮನೆಯಿಂದಲೇ ಎಸ್ಟಿಮೇಟ್ ಬರೆಯಲು, ಹುಡುಗರಿಗೆ ಫೋನಿನಲ್ಲಿ ಕೆಲಸ ಹೇಳಲು ಶುರುಮಾಡುತ್ತಾನೆ. ಹದಿನಾಲ್ಕನೆಯ ವಾರದ ಎಕ್ಸ್‌ರೇಯಲ್ಲಿ ಮುರಿತದ ಸುತ್ತ ಹೊಸ ಮೂಳೆ ಮೋಡದಂತೆ ಕಾಣುತ್ತದೆ. ಐದನೆಯ ತಿಂಗಳಲ್ಲಿ ಊರುಗೋಲು ಬಿಡುತ್ತಾನೆ. ಅಪಘಾತವಾದ ತಿರುವು ದಾಟುವ ಭಯ ಮಾತ್ರ ಉಳಿಯುತ್ತದೆ. ಅಲ್ಲಿಗೆ ಮೊದಲು ಆಟೋದಲ್ಲಿ, ಆಮೇಲೆ ಬೈಕಿನ ಹಿಂದೆ ಕೂತು, ಕೊನೆಗೆ ತಾನೇ ಓಡಿಸಿಕೊಂಡು ಹೋಗಿ ಅದನ್ನು ಕಳೆದುಕೊಳ್ಳುತ್ತಾನೆ.

ಎಲ್ಲರ ಮನಸ್ಸೂ ಇಷ್ಟರಿಂದ ಸರಿಹೋಗುವುದಿಲ್ಲ. ಬೇಸರ ಬಂದು ಹೋಗುತ್ತಿದ್ದರೆ, ಮೊಮ್ಮಗು ಬಂದಾಗ ನಗು ಮೂಡುತ್ತಿದ್ದರೆ ಅದು ಸಹಜ ದುಃಖ. ಎರಡು ವಾರ ಕಳೆದರೂ ದಿನದ ಬಹುಪಾಲು ಮಂಕು ಕವಿದೇ ಇದ್ದರೆ, ಹಿಂದೆ ಇಷ್ಟವಾಗಿದ್ದದ್ದು ಯಾವುದೂ ಬೇಡವಾದರೆ, ‘ನಾನು ಮನೆಗೆ ಭಾರ’ ಎಂಬ ಮಾತು ಪದೇಪದೇ ಬಂದರೆ ಅದು ಖಿನ್ನತೆ ಇರಬಹುದು. ಅಪಘಾತದ ದೃಶ್ಯ ಒಂದು ತಿಂಗಳು ಮೀರಿಯೂ ಕನಸಿನಲ್ಲಿ ಕಾಡುತ್ತಿದ್ದರೆ, ಹಾರ್ನ್ ಕೇಳಿದರೆ ಬೆಚ್ಚುವಂತಿದ್ದರೆ ಅದು ಆಘಾತದ ಬೇರೆಯೇ ತೊಂದರೆ. ಎರಡಕ್ಕೂ ಚಿಕಿತ್ಸೆಯಿದೆ. ಖಿನ್ನತೆಯ ಮಾತ್ರೆಯ ಪರಿಣಾಮ ತಿಳಿಯಲು ಎರಡರಿಂದ ನಾಲ್ಕು ವಾರ ಬೇಕು. ಟ್ರಮಡಾಲ್ ಜೊತೆ ಕೆಲವು ಖಿನ್ನತೆಯ ಮಾತ್ರೆಗಳು ಹೊಂದುವುದಿಲ್ಲವಾದ್ದರಿಂದ ಈಗಾಗಲೇ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನು ಮನೋವೈದ್ಯರಿಗೆ ತೋರಿಸಲೇಬೇಕು. ನಿದ್ದೆ ಬರಲೆಂದು ಮದ್ಯಕ್ಕೆ ಕೈಹಾಕಿದರೆ ಅರ್ಧರಾತ್ರಿಗೆ ಎಚ್ಚರವಾಗುತ್ತದೆ, ಮನಸ್ಸು ಇನ್ನಷ್ಟು ಕುಸಿಯುತ್ತದೆ.

ಮೂಳೆ ವೈದ್ಯರ ಬಳಿ ಹೋದಾಗ ಮಾತೆಲ್ಲ ಕಾಲಿನ ಬಗ್ಗೆಯೇ ಮುಗಿಯುತ್ತದೆ. ನಿದ್ದೆ ಹೇಗಿದೆ, ಮನಸ್ಸು ಹೇಗಿದೆ ಎಂಬುದನ್ನು ರೋಗಿಯೋ ಜೊತೆಗೆ ಬಂದವರೋ ತಾವಾಗಿ ಹೇಳಬೇಕು. ಸಾಯುವ ಯೋಚನೆ ಬರುತ್ತಿದ್ದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯಬಾರದು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.